ಶಾಪಿಂಗ್ ಆಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ಏಕಾಏಕಿ ಕೈಕೊಟ್ಟರೆ: ಕಾರಣ ಪತ್ತೆಯಿಂದ ಮತ್ತೆ ಉಳಿಸುವವರೆಗೆ

ವರ್ಷಗಳಿಂದ ಒಂದೇ ಶಾಪಿಂಗ್ ಆಪ್‌ನಲ್ಲಿ ಒಂದೇ ಡೆಬಿಟ್ ಕಾರ್ಡ್‌ನಿಂದ ಹಣ ಕಟ್ಟುತ್ತಿದ್ದವರಿಗೆ ಒಂದು ದಿನ ಆ ಕಾರ್ಡ್ ಪಟ್ಟಿಯಲ್ಲಿ ಕಾಣುತ್ತದೆ, ಕೊನೆಯ ನಾಲ್ಕು ಅಂಕಿಗಳೂ ಕಾಣುತ್ತವೆ, ಆದರೆ ಹಣ ಮಾತ್ರ ಹೋಗುವುದಿಲ್ಲ. ಖಾತೆಯಲ್ಲಿ ಹಣವಿದೆ, ಎಟಿಎಂನಲ್ಲಿ ಅದೇ ಕಾರ್ಡ್ ನಡೆಯುತ್ತಿದೆ, ಅಂಗಡಿಯ ಸ್ವೈಪ್ ಯಂತ್ರದಲ್ಲೂ ನಡೆಯುತ್ತಿದೆ. ಇಂಥ ಸಂದರ್ಭದಲ್ಲಿ ಬಹುತೇಕ ಕೆಟ್ಟಿರುವುದು ಕಾರ್ಡ್ ಅಲ್ಲ. ಆ ಕಾರ್ಡ್‌ನ ಪರವಾಗಿ ಆಪ್ ಇಟ್ಟುಕೊಂಡಿರುವ ಟೋಕನ್. ಟೋಕನ್ ಏಕೆ ನಿಲ್ಲುತ್ತದೆ, ನಿಂತಿರುವುದು ಅದೇ ಎಂದು ಹೇಗೆ ಖಚಿತಪಡಿಸಿಕೊಳ್ಳಬೇಕು, ಹೊಸದನ್ನು ಯಾವ ಕ್ರಮದಲ್ಲಿ ಮಾಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಹೆಚ್ಚಿನವರಿಗೆ ಎದುರಾಗುವುದು ಹಳೆಯ ಕಾರ್ಡ್‌ನ ಅವಧಿ ಮುಗಿದು ಬ್ಯಾಂಕಿನಿಂದ ಹೊಸ ಕಾರ್ಡ್ ಬಂದ ನಂತರದ ತೊಂದರೆ. ಆದ್ದರಿಂದ ವಿವರಣೆಯ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಆಪ್‌ನಲ್ಲಿ ಉಳಿದಿರುವುದು ಏನು

2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ, ಅಂದರೆ ಶಾಪಿಂಗ್ ಆಪ್ ಆಗಲಿ ಅದರ ಹಣ ಪಾವತಿ ನೋಡಿಕೊಳ್ಳುವ ಗೇಟ್‌ವೇ ಕಂಪನಿಯಾಗಲಿ, ನಮ್ಮ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ರಿಸರ್ವ್ ಬ್ಯಾಂಕಿನ ಈ ನಿಯಮ ಹಲವು ಬಾರಿ ಮುಂದೂಡಲ್ಪಟ್ಟು ಕೊನೆಗೆ ಆ ದಿನಾಂಕಕ್ಕೆ ಜಾರಿಯಾಯಿತು. ಗುರುತಿಗಾಗಿ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನು ಇಟ್ಟುಕೊಳ್ಳಲು ಮಾತ್ರ ಅವಕಾಶವಿದೆ. ನಾವು ‘ಉಳಿಸಿದ ಕಾರ್ಡ್’ ಎನ್ನುವುದರ ಹಿಂದೆ ಈಗ ಇರುವುದು ಕಾರ್ಡ್ ಸಂಖ್ಯೆಯ ಬದಲಿಗೆ ಜಾಲ ಅಥವಾ ಬ್ಯಾಂಕ್ ಸೃಷ್ಟಿಸಿದ ಇನ್ನೊಂದು ಸಂಖ್ಯೆ. ಅದೇ ಟೋಕನ್.

ಚಾಮುಂಡಿ ಬೆಟ್ಟದ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಬಿಲ್ಲೆಯನ್ನು ನೆನೆದರೆ ಇದು ಅರ್ಥವಾಗುತ್ತದೆ: ಬಿಲ್ಲೆಯ ಮೇಲಿನ ಸಂಖ್ಯೆ ಆ ಸ್ಟ್ಯಾಂಡಿನವರಿಗೆ ಮಾತ್ರ ಅರ್ಥವಾಗುವಂಥದ್ದು, ಅದನ್ನು ಪಕ್ಕದ ಸ್ಟ್ಯಾಂಡಿಗೆ ಒಯ್ದರೆ ಪ್ರಯೋಜನವಿಲ್ಲ. ಟೋಕನ್ ಕೂಡ ಹಾಗೆಯೇ ಒಂದು ಕಾರ್ಡ್, ಒಂದು ವ್ಯಾಪಾರಿ ಮತ್ತು ಆ ಟೋಕನ್ ಕೇಳಿದ ಸಂಸ್ಥೆ, ಈ ಮೂರರ ಜೋಡಣೆಗೆ ಮಾತ್ರ ಸಲ್ಲುತ್ತದೆ. ಬಟ್ಟೆ ಕೊಳ್ಳುವ ಆಪ್‌ನಿಂದ ಅದು ಸೋರಿಹೋದರೂ ಕದ್ದವರು ದಿನಸಿ ಆಪ್‌ನಲ್ಲಿ ಅದನ್ನು ಬಳಸಲಾಗದು.

ಆ ಮೂರರಲ್ಲಿ ಯಾವುದೊಂದು ಬದಲಾದರೂ ಜೋಡಣೆ ಮುರಿಯುತ್ತದೆ. ಕಾರ್ಡ್ ಬದಲಾಗುವುದು ನಮಗೆ ಗೊತ್ತಾಗುವ ಸಂಗತಿ. ಗೊತ್ತಾಗದೆ ಬದಲಾಗುವುದು ಮೂರನೆಯದು. ಎಷ್ಟೋ ಆಪ್‌ಗಳು ಟೋಕನ್ ಕೇಳುವ ಕೆಲಸವನ್ನು ಗೇಟ್‌ವೇ ಕಂಪನಿಗೆ ವಹಿಸಿರುತ್ತವೆ. ಆಪ್‌ನವರು ಆ ಕಂಪನಿಯನ್ನು ಬಿಟ್ಟು ಇನ್ನೊಂದರ ಜೊತೆ ಹೋದರೆ ಹಳೆಯ ಟೋಕನ್ ಅಲ್ಲಿ ಸಲ್ಲದೆ ಹೋಗಬಹುದು. “ನಾನು ಏನನ್ನೂ ಮುಟ್ಟಿಲ್ಲ, ನಿನ್ನೆಯವರೆಗೆ ಸರಿಯಿತ್ತು” ಎಂಬ ದೂರು ಕೆಲವೊಮ್ಮೆ ನಿಜವಾಗಿರುವುದು ಈ ಕಾರಣಕ್ಕೆ.

ಕಾರ್ಡ್ ನವೀಕರಣವಾದಾಗ ಅಥವಾ ಕಳೆದುಹೋಗಿ ಬದಲಿ ಕಾರ್ಡ್ ಬಂದಾಗ, ಹಿಂದೆ ನೋಂದಾಯಿಸಿದ ವ್ಯಾಪಾರಿಗಳ ಜೊತೆ ಹೊಸ ಕಾರ್ಡನ್ನು ಜೋಡಿಸಲು ಬ್ಯಾಂಕ್ ನಮ್ಮ ಸ್ಪಷ್ಟ ಒಪ್ಪಿಗೆಯನ್ನು ಕೇಳಬೇಕೆಂದು ನಿಯಮ ಹೇಳುತ್ತದೆ. ಆ ಒಪ್ಪಿಗೆಯನ್ನು ಕೇಳುವ ಸಂದೇಶ ಬಂದರೂ ಜಾಹೀರಾತೆಂದು ಅಳಿಸಿಬಿಡುವವರೇ ಹೆಚ್ಚು. ಒಪ್ಪಿಗೆ ಇಲ್ಲದೆ ಹೊಸ ಕಾರ್ಡ್ ತಾನಾಗಿ ಆಪ್‌ನೊಳಗೆ ಹೋಗಿ ಕೂರುವಂತಿಲ್ಲ. ಹೀಗಾಗಿ ಹಳೆಯ ಟೋಕನ್ ನಿಲ್ಲುವುದನ್ನು ದೋಷವೆಂದು ಕಾಣುವುದಕ್ಕಿಂತ ನಿಯಮ ತನ್ನ ಕೆಲಸ ಮಾಡಿದೆ ಎಂದು ತಿಳಿಯುವುದೇ ಸರಿ. ಆಪ್‌ಗಳು ಇದನ್ನು ಒಂದು ಸಾಲಿನಲ್ಲಿ ತಿಳಿಸದೆ `Payment failed` ಎಂದಷ್ಟೇ ತೋರಿಸುವುದು ಮಾತ್ರ ನನಗೆ ಒಪ್ಪಿಗೆಯಾಗದ ಸಂಗತಿ.

ಮೊದಲ ಹೆಜ್ಜೆ: ಮತ್ತೆ ಮತ್ತೆ ಒತ್ತುವುದನ್ನು ನಿಲ್ಲಿಸುವುದು

ಪಾವತಿ ವಿಫಲವಾದ ತಕ್ಷಣ ಮರುಪ್ರಯತ್ನದ ಗುಂಡಿಯನ್ನು ಒತ್ತಬಾರದು. ಮೊದಲು ಬ್ಯಾಂಕಿನಿಂದ ಹಣ ಕಡಿತದ ಎಸ್‌ಎಂಎಸ್ ಬಂದಿದೆಯೇ ಎಂದು ನೋಡಿ, ಬಂದಿಲ್ಲದಿದ್ದರೂ ಬ್ಯಾಂಕಿನ ಆಪ್‌ನಲ್ಲಿ ಖಾತೆಯ ವಿವರ ತೆರೆದು ಖಚಿತಪಡಿಸಿಕೊಳ್ಳಬೇಕು. ಹಣ ಕಡಿತವಾಗಿ ಆರ್ಡರ್ ಮಾತ್ರ ದಾಖಲಾಗಿರದಿದ್ದರೆ, ಆ ಹಣ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ತಾನಾಗಿ ಖಾತೆಗೆ ಮರಳಬೇಕು; ಮರಳದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ ಸುತ್ತೋಲೆ ಹೇಳುತ್ತದೆ. ವಿಫಲವಾದ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡುವುದು ಈ ಹಂತದಲ್ಲಿಯೇ ಒಳ್ಳೆಯದು, ಏಕೆಂದರೆ ಅದರಲ್ಲಿರುವ ವ್ಯವಹಾರ ಸಂಖ್ಯೆ ಆಮೇಲೆ ಸಿಗದೆ ಹೋಗಬಹುದು.

ಎರಡನೆಯ ಹೆಜ್ಜೆ: ಎಲ್ಲಿ ನಿಂತಿತು ಎಂಬುದನ್ನು ಗಮನಿಸುವುದು

ಪರದೆಯ ಮೇಲೆ ಬಂದ ಇಂಗ್ಲಿಷ್ ವಾಕ್ಯಕ್ಕಿಂತ ಹೆಚ್ಚು ಸುಳಿವು ಕೊಡುವುದು ಪಾವತಿ ನಿಂತ ಜಾಗ. ಒಟಿಪಿ ಕೇಳುವ ಪುಟವೇ ಬಾರದೆ ವಿಫಲವಾದರೆ, ಬಹುಮಟ್ಟಿಗೆ ಟೋಕನ್ ನಿಂತಿದೆ ಅಥವಾ ಬ್ಯಾಂಕಿನಲ್ಲಿ ಈ ಕಾರ್ಡ್‌ನ ಆನ್‌ಲೈನ್ ಬಳಕೆ ಮುಚ್ಚಿದೆ ಎಂದರ್ಥ. ಒಟಿಪಿ ಪುಟ ಬಂದು, ಒಟಿಪಿ ಮಾತ್ರ ಫೋನಿಗೆ ಬಾರದಿದ್ದರೆ ಬ್ಯಾಂಕಿನಲ್ಲಿ ದಾಖಲಾಗಿರುವ ಮೊಬೈಲ್ ಸಂಖ್ಯೆಯನ್ನು ಅನುಮಾನಿಸಬೇಕು. ಒಟಿಪಿ ಹಾಕಿದ ನಂತರ ವಿಫಲವಾದರೆ ಖಾತೆಯ ಬಾಕಿ, ದಿನದ ಮಿತಿ ಅಥವಾ ಆ ಹೊತ್ತಿನ ಬ್ಯಾಂಕ್ ಸರ್ವರ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಅಂಥದ್ದಕ್ಕೆ ಕಾರ್ಡನ್ನು ಅಳಿಸಿ ಮತ್ತೆ ಉಳಿಸುವುದರಿಂದ ಪ್ರಯೋಜನವಾಗದು.

ಟೋಕನ್ನೇ ನಿಂತಿದೆಯೇ ಎಂದು ತಿಳಿಯಲು ಇನ್ನೂ ಸರಳವಾದ ಪರೀಕ್ಷೆಯಿದೆ. ಅದೇ ಆಪ್‌ನಲ್ಲಿ, ಅದೇ ವಸ್ತುವಿಗೆ, ಪಟ್ಟಿಯಲ್ಲಿರುವ ಕಾರ್ಡನ್ನು ಆರಿಸದೆ, ಹೊಸ ಕಾರ್ಡ್ ಸೇರಿಸುವ ಆಯ್ಕೆಗೆ ಹೋಗಿ ಕೈಯಲ್ಲಿರುವ ಕಾರ್ಡ್‌ನ ಸಂಖ್ಯೆಯನ್ನು ಪೂರ್ತಿಯಾಗಿ ಟೈಪ್ ಮಾಡಿ ನೋಡಬೇಕು. ಹಣ ಹೋದರೆ ಕಾರ್ಡ್ ಸರಿಯಿದೆ, ಟೋಕನ್ ನಿಂತಿದೆ. ಆಗಲೂ ಹೋಗದಿದ್ದರೆ ಹುಡುಕಬೇಕಾದ ಜಾಗ ಬ್ಯಾಂಕಿನ ಕಡೆ ಇದೆ.

ಮೂರನೆಯ ಹೆಜ್ಜೆ: ಕೈಯಲ್ಲಿರುವ ಕಾರ್ಡನ್ನೂ ಪರದೆಯಲ್ಲಿರುವುದನ್ನೂ ಹೋಲಿಸುವುದು

ಆಪ್ ತೋರಿಸುವ ಕೊನೆಯ ನಾಲ್ಕು ಅಂಕಿಗಳು ಟೋಕನ್‌ನವಲ್ಲ, ಕಾರ್ಡ್‌ನವು. ಆದ್ದರಿಂದ ಅವನ್ನು ಕೈಯಲ್ಲಿರುವ ಕಾರ್ಡ್‌ನ ಅಂಕಿಗಳೊಂದಿಗೆ ನೇರವಾಗಿ ಹೋಲಿಸಬಹುದು. ಅಂಕಿಗಳು ಬೇರೆಯಾಗಿದ್ದರೆ ಪಟ್ಟಿಯಲ್ಲಿರುವುದು ಹಳೆಯ ಕಾರ್ಡ್. ಅಲ್ಲಿಗೆ ಕಾರಣ ಸಿಕ್ಕಂತಾಯಿತು. ಮೋಸ ಹೋಗುವುದು ಅಂಕಿಗಳು ಒಂದೇ ಆಗಿದ್ದಾಗ. ಕೆಲವೊಮ್ಮೆ ನವೀಕರಣದಲ್ಲಿ ಕಾರ್ಡ್ ಸಂಖ್ಯೆ ಹಾಗೇ ಉಳಿದು, ಅವಧಿಯ ತಿಂಗಳು-ವರ್ಷ ಮತ್ತು ಸಿವಿವಿ ಮಾತ್ರ ಬದಲಾಗಿರುತ್ತವೆ. ಪಟ್ಟಿಯಲ್ಲಿ ಎಲ್ಲವೂ ಮೊದಲಿನಂತೆಯೇ ಕಾಣುವುದರಿಂದ ಬಳಕೆದಾರರು ಆಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಾರ್ಡ್‌ನ ಮೇಲಿನ ಅವಧಿಯನ್ನೊಮ್ಮೆ ನೋಡಿ, ಇದು ಇತ್ತೀಚೆಗೆ ಬಂದ ಕಾರ್ಡ್ ಎಂದಾದರೆ ಅಂಕಿಗಳು ಹೊಂದಿದರೂ ಹಳೆಯದನ್ನು ಅಳಿಸಿ ಮರಳಿ ಉಳಿಸುವುದೇ ಸರಿಯಾದ ದಾರಿ.

ನಾಲ್ಕನೆಯ ಹೆಜ್ಜೆ: ಬ್ಯಾಂಕಿನ ಕಡೆ ಆನ್‌ಲೈನ್ ಬಳಕೆಯನ್ನು ತೆರೆಯುವುದು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. 2020ರ ಜನವರಿಯ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಹೊಸದಾಗಿ ಕೊಟ್ಟ ಅಥವಾ ಮರುವಿತರಣೆಯಾದ ಕಾರ್ಡ್ ನಮ್ಮ ಕೈಸೇರುವಾಗ ಭಾರತದೊಳಗಿನ ಎಟಿಎಂ ಮತ್ತು ಸ್ವೈಪ್ ಯಂತ್ರಗಳಿಗೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಪಾವತಿ, ವಿದೇಶಿ ಪಾವತಿ, ಯಂತ್ರಕ್ಕೆ ತಾಗಿಸಿ ಕೊಡುವ ಪಾವತಿ, ಈ ಮೂರನ್ನೂ ಕಾರ್ಡ್‌ದಾರರೇ ತೆರೆದುಕೊಳ್ಳಬೇಕು. ಹಳೆಯ ಕಾರ್ಡ್‌ನಲ್ಲಿ ತೆರೆದಿದ್ದೇವಲ್ಲ ಎಂಬ ಲೆಕ್ಕ ಹೊಸದಕ್ಕೆ ನಡೆಯದು.

ಹೊಸ ಡೆಬಿಟ್ ಕಾರ್ಡ್ ಆದರೆ ಮೊದಲು ಅದಕ್ಕೆ ಪಿನ್ ಮಾಡಿಕೊಂಡಿರಬೇಕು. ಬಳಿಕ ಬ್ಯಾಂಕಿನ ಆಪ್ ತೆರೆದು ಕಾರ್ಡ್‌ಗಳ ಭಾಗಕ್ಕೆ ಹೋದರೆ ಬಳಕೆ ಮತ್ತು ಮಿತಿಯನ್ನು ನಿರ್ವಹಿಸುವ ಪುಟವಿರುತ್ತದೆ. ಒಂದೊಂದು ಬ್ಯಾಂಕಿನಲ್ಲಿ ಅದರ ಹೆಸರು ಒಂದೊಂದು ಬಗೆಯಾದರೂ `Manage Card`, `Card Controls` ಮುಂತಾದ ಶೀರ್ಷಿಕೆಗಳ ಕೆಳಗೆ ಹುಡುಕಿದರೆ ಸಿಗುತ್ತದೆ. ಅಲ್ಲಿ ದೇಶೀಯ ಬಳಕೆಯ ಅಡಿಯಲ್ಲಿ `Online` ಅಥವಾ `E-commerce` ಎಂಬ ಸ್ವಿಚ್ಚನ್ನು ತೆರೆಯಬೇಕು. ವಿದೇಶಿ ಬಳಕೆಯ ಸ್ವಿಚ್ಚನ್ನು ಇದಕ್ಕಾಗಿ ಮುಟ್ಟುವ ಅಗತ್ಯವಿಲ್ಲ. ಸ್ವಿಚ್ಚಿನ ಪಕ್ಕದಲ್ಲಿಯೇ ದಿನದ ಮಿತಿ ಇರುತ್ತದೆ. ಸ್ವಿಚ್ ತೆರೆದು ಮಿತಿಯನ್ನು ಸೊನ್ನೆಯಲ್ಲಿಯೇ ಬಿಟ್ಟರೆ ಕಾರ್ಡ್ ಮತ್ತೆ ವಿಫಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮಿತಿಯನ್ನು ಬ್ಯಾಂಕ್ ಬಿಡುವಷ್ಟೂ ಏರಿಸುವುದಕ್ಕಿಂತ ಮನೆಯ ಸಾಮಾನ್ಯ ಖರೀದಿಗೆ ಸಾಕಾಗುವಷ್ಟು ಇಟ್ಟು, ದೊಡ್ಡ ಖರೀದಿಯ ದಿನ ಮಾತ್ರ ಹೆಚ್ಚಿಸಿಕೊಳ್ಳುವುದು ಮೇಲು. ಸ್ಮಾರ್ಟ್‌ಫೋನಿನಲ್ಲಿ ಬ್ಯಾಂಕ್ ಆಪ್ ಇಲ್ಲದವರು ನೆಟ್‌ಬ್ಯಾಂಕಿಂಗ್, ಎಟಿಎಂ ಅಥವಾ ಬ್ಯಾಂಕಿನ ಸಹಾಯವಾಣಿಯ ಮೂಲಕ ಇದೇ ಕೆಲಸ ಮಾಡಿಸಿಕೊಳ್ಳಬಹುದು.

ಐದನೆಯ ಹೆಜ್ಜೆ: ಹಳೆಯದನ್ನು ಅಳಿಸುವುದು

ಆಪ್‌ನಲ್ಲಿ ನಮ್ಮ ಖಾತೆಯ ಪುಟಕ್ಕೆ ಹೋಗಿ `Saved Cards` ಅಥವಾ ಪಾವತಿ ವಿಧಾನಗಳ ಪಟ್ಟಿಯನ್ನು ತೆರೆದು ಹಳೆಯ ಕಾರ್ಡನ್ನು ತೆಗೆದುಹಾಕಬೇಕು. ಹೀಗೆ ತೆಗೆಯುವ ಅವಕಾಶವನ್ನು ವ್ಯಾಪಾರಿ ಕೊಡಲೇಬೇಕು. ಅಳಿಸುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು. ಹಿಂತಿರುಗಿಸಿದ ವಸ್ತುವಿನ ಹಣ ಇನ್ನೂ ಬರಬೇಕಾಗಿದ್ದರೆ ಅದು ಬಂದ ಮೇಲೆ ಅಳಿಸುವುದು ಕ್ಷೇಮ. ಅಳಿಸಿದರೆ ಹಣ ಕಳೆದುಹೋಗುತ್ತದೆ ಎಂದಲ್ಲ, ತಕರಾರು ಬಂದರೆ ಯಾವ ಕಾರ್ಡ್‌ನಿಂದ ಕಟ್ಟಿದ್ದು ಎಂದು ತೋರಿಸಲು ಸುಲಭವಾಗುತ್ತದೆ. ಹಾಗೆಯೇ ಆ ಆಪ್‌ನ ಸದಸ್ಯತ್ವ ಶುಲ್ಕ ತಿಂಗಳು ತಿಂಗಳು ಅದೇ ಕಾರ್ಡ್‌ನಿಂದ ಕಡಿತವಾಗುತ್ತಿದ್ದರೆ, ಅದರ ಒಪ್ಪಿಗೆಯನ್ನು ಹೊಸ ಕಾರ್ಡ್‌ನಲ್ಲಿ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಕಾರ್ಡನ್ನು ಉಳಿಸಿದ ಮಾತ್ರಕ್ಕೆ ಆ ಕಡಿತ ಮುಂದುವರಿಯುತ್ತದೆಂದು ಭಾವಿಸಬಾರದು.

ಆರನೆಯ ಹೆಜ್ಜೆ: ಹೊಸ ಕಾರ್ಡನ್ನು ಉಳಿಸುವುದು

ಇದಕ್ಕೆ ಅತ್ಯುತ್ತಮ ಸಂದರ್ಭ ನಿಜವಾದ ಒಂದು ಸಣ್ಣ ಖರೀದಿ. ಬೇಕಾಗಿದ್ದ ಒಂದು ವಸ್ತುವನ್ನು ಬುಟ್ಟಿಗೆ ಹಾಕಿ ಪಾವತಿ ಪುಟಕ್ಕೆ ಬಂದು, ಹೊಸ ಕಾರ್ಡ್ ಸೇರಿಸುವ ಆಯ್ಕೆಯಲ್ಲಿ ಕಾರ್ಡ್ ಸಂಖ್ಯೆ, ಅವಧಿಯ ತಿಂಗಳು-ವರ್ಷ ಮತ್ತು ಸಿವಿವಿಯನ್ನು ತುಂಬಬೇಕು. ಅದರ ಕೆಳಗೆ ಒಂದು ಚಿಕ್ಕ ಚೌಕವಿರುತ್ತದೆ. ಪಕ್ಕದಲ್ಲಿ `Save card as per RBI guidelines` ಅಥವಾ ಅದನ್ನು ಹೋಲುವ ಮಾತಿರುತ್ತದೆ. ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿ ನಮ್ಮ ಮೇಲೆ ಹೇರುವಂತಿಲ್ಲವಾದ್ದರಿಂದ ಆ ಚೌಕ ಖಾಲಿಯಾಗಿರಬೇಕು, ಅದನ್ನು ನಾವೇ ಗುರುತಿಸಬೇಕು. ಅವಸರದಲ್ಲಿ ಇದನ್ನು ದಾಟಿಹೋದರೆ ಹಣವೇನೋ ಹೋಗುತ್ತದೆ, ಕಾರ್ಡ್ ಉಳಿಯುವುದಿಲ್ಲ. ಮುಂದಿನ ಸಲ ಮತ್ತೆ ಪೂರ್ತಿ ಸಂಖ್ಯೆ ಟೈಪ್ ಮಾಡಬೇಕಾಗುತ್ತದೆ.

ಗುರುತು ಹಾಕಿ ಮುಂದುವರಿದಾಗ ಬ್ಯಾಂಕಿನಿಂದ ಒಟಿಪಿ ಬರುತ್ತದೆ. ಖರೀದಿಯ ಜೊತೆಗೇ ನೋಂದಣಿಯೂ ನಡೆಯುವಾಗ ಪಾವತಿಗೂ ಟೋಕನ್ ಒಪ್ಪಿಗೆಗೂ ಒಂದೇ ದೃಢೀಕರಣ ಸಾಕಾಗಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಖರೀದಿಯಿಲ್ಲದೆ ಖಾತೆಯ ಪುಟದಿಂದಲೇ ಕಾರ್ಡ್ ಸೇರಿಸಲು ಕೆಲವು ಆಪ್‌ಗಳು ಬಿಡುತ್ತವೆ. ಆಗ ಪರಿಶೀಲನೆಗಾಗಿ ಒಂದೆರಡು ರೂಪಾಯಿ ಕಡಿತವಾಗಿ ಹಿಂತಿರುಗುವುದುಂಟು. ಟೋಕನ್ ಮಾಡಿಸಿಕೊಳ್ಳಲು ಗ್ರಾಹಕರು ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲ.

ಮುಗಿದ ಮೇಲೆ ಉಳಿಸಿದ ಕಾರ್ಡ್‌ಗಳ ಪಟ್ಟಿಯಲ್ಲಿ ಹೊಸ ನಾಲ್ಕು ಅಂಕಿಗಳು ಕಾಣಬೇಕು. ತಕ್ಷಣ ಕಾಣದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು, ಏಕೆಂದರೆ ಪಾವತಿ ಮುಗಿದ ನಂತರವೂ ಟೋಕನ್ ಸಿದ್ಧವಾಗಿ ಬರಲು ಒಮ್ಮೊಮ್ಮೆ ತಡವಾಗುತ್ತದೆ. ಮುಂದಿನ ಖರೀದಿಯಲ್ಲಿ ಆಪ್ ಪೂರ್ತಿ ಸಂಖ್ಯೆಯನ್ನು ಕೇಳದೆ ನೇರವಾಗಿ ದೃಢೀಕರಣಕ್ಕೆ ಹೋದರೆ ಕೆಲಸ ಆಗಿದೆ. ಟೋಕನ್ ಆದ ಕಾರ್ಡ್‌ಗೆ ಕೆಲವೆಡೆ ಸಿವಿವಿಯನ್ನೂ ಕೇಳುವುದಿಲ್ಲ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಇನ್ನೊಂದು ದಾರಿಯೂ ಇದೆ. 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕವೇ ಹಲವು ವ್ಯಾಪಾರಿಗಳಿಗೆ ಟೋಕನ್ ಮಾಡಿಸಿಕೊಳ್ಳುವ ವ್ಯವಸ್ಥೆಗೆ ಅನುಮತಿ ಕೊಟ್ಟಿತು. ನಿಮ್ಮ ಬ್ಯಾಂಕಿನ ಆಪ್‌ನಲ್ಲಿ ಈ ಸೌಲಭ್ಯ ಕಂಡರೆ, ಒಂದೊಂದು ಶಾಪಿಂಗ್ ಆಪ್‌ಗೂ ಪ್ರತ್ಯೇಕವಾಗಿ ಅಲೆಯುವ ಕೆಲಸ ತಪ್ಪುತ್ತದೆ. ಹಾಗಿಲ್ಲದಿದ್ದರೆ ಪ್ರತಿ ಆಪ್‌ನಲ್ಲೂ ಇದೇ ಕ್ರಮವನ್ನು ಪುನರಾವರ್ತಿಸಬೇಕು. ವರ್ಷಕ್ಕೊಮ್ಮೆ ತೆರೆಯುವ ಆಪ್‌ನಲ್ಲಿ ಕಾರ್ಡ್ ಉಳಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಟೋಕನ್ ಕಡ್ಡಾಯವಲ್ಲ, ಅಲ್ಲಿ ಆ ಹೊತ್ತಿಗೆ ಸಂಖ್ಯೆ ಟೈಪ್ ಮಾಡಿದರೆ ಸಾಕು.

ಒಂದು ಉದಾಹರಣೆ

ಮಂಡ್ಯದ ಸುಭಾಷ್‌ನಗರದಲ್ಲಿರುವ ನಮ್ಮ ಸೋದರಮಾವ ನಿವೃತ್ತ ಶಿಕ್ಷಕರು. ಮಿಕ್ಸಿ ಜಾರ್ ತರಿಸಲು ಹೋದಾಗ ಅವರ ಉಳಿಸಿದ ರುಪೇ ಡೆಬಿಟ್ ಕಾರ್ಡ್ ವಿಫಲವಾಯಿತು. ಫೋನಿನಲ್ಲಿ ನಾನು ಮೊದಲು ಕೇಳಿದ್ದು, “ಮಾವ, ಒಟಿಪಿ ಕೇಳಿತಾ?” ಎಂದು. “ಇಲ್ಲ ಕಣಪ್ಪ, ಅಲ್ಲಿಗೆ ಹೋಗಲೇ ಇಲ್ಲ” ಎಂದರು. ಆಪ್‌ನಲ್ಲಿ 2086 ಎಂದಿತ್ತು, ಅವರ ಕೈಯಲ್ಲಿದ್ದ ಕಾರ್ಡ್ 5531ರಲ್ಲಿ ಮುಗಿಯುತ್ತಿತ್ತು. ಅಂಚೆಯಲ್ಲಿ ಹೊಸ ಕಾರ್ಡ್ ಬಂದು, ಎಟಿಎಂನಲ್ಲಿ ಪಿನ್ ಮಾಡಿಕೊಂಡು, ಹಳೆಯದನ್ನು ಕತ್ತರಿಸಿ ಎಸೆದಾಗಿತ್ತು. ಆಪ್‌ಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಹೊಸ ಕಾರ್ಡ್ ಸಂಖ್ಯೆಯನ್ನು ಟೈಪ್ ಮಾಡಿದಾಗ ಮತ್ತೆ ವಿಫಲ. ಈ ಎರಡನೆಯ ವೈಫಲ್ಯ ಮೊದಲನೆಯದರಂತೆ ಕಂಡರೂ ಕಾರಣ ಬೇರೆಯಾಗಿತ್ತು. ಸಂಖ್ಯೆಯನ್ನು ಪೂರ್ತಿಯಾಗಿ ಹಾಕಿದ್ದರಿಂದ ಟೋಕನ್‌ಗೆ ಅಲ್ಲಿ ಪಾತ್ರವೇ ಇರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನಿಂದ ಬಂದಿದ್ದ ಎಸ್‌ಎಂಎಸ್ ಓದಿಸಿದಾಗ, ಆನ್‌ಲೈನ್ ಬಳಕೆ ತೆರೆಯದಿರುವುದರಿಂದ ವ್ಯವಹಾರ ನಿರಾಕರಿಸಲಾಗಿದೆ ಎಂದಿತ್ತು. ಬ್ಯಾಂಕ್ ಆಪ್‌ನಲ್ಲಿ ದೇಶೀಯ ಆನ್‌ಲೈನ್ ಸ್ವಿಚ್ಚನ್ನು ತೆರೆಸಿ, ದಿನದ ಮಿತಿಯನ್ನು 5,000 ರೂಪಾಯಿಗೆ ಇಡಿಸಿ, ಶಾಪಿಂಗ್ ಆಪ್‌ನ ಪಟ್ಟಿಯಿಂದ 2086 ಅನ್ನು ಅಳಿಸಿಸಿ, ಚೌಕಕ್ಕೆ ಗುರುತು ಹಾಕಿಸಿ ಮುಂದುವರಿದಾಗ ಒಟಿಪಿ ಬಂತು, ಜಾರ್‌ನ ಹಣವೂ ಹೋಯಿತು, ಪಟ್ಟಿಯಲ್ಲಿ 5531 ಬಂದು ಕುಳಿತಿತು. ಮೊದಲೇ ಎರಡು ಕಾರಣಗಳನ್ನು ಬೇರ್ಪಡಿಸದೆ ಹೋಗಿದ್ದರೆ, ಹಳೆಯದನ್ನು ಅಳಿಸಿದ ಮೇಲೂ ಹೊಸದು ಸೇರದೆ, ಅವರು ಶಾಖೆಗೆ ಹೋಗಿ ಕಾರ್ಡೇ ಕೆಟ್ಟಿದೆ ಎಂದು ಇನ್ನೊಂದಕ್ಕೆ ಅರ್ಜಿ ಕೊಡುತ್ತಿದ್ದರು.

ಈ ಹೆಸರಿನಲ್ಲಿ ಬರುವ ಕರೆಗಳು

ಆರ್‌ಬಿಐ ನಿಯಮದ ಪ್ರಕಾರ ನಿಮ್ಮ ಕಾರ್ಡ್ ಟೋಕನ್ ಆಗಿಲ್ಲ, ಇಂದೇ ಮಾಡಿಸದಿದ್ದರೆ ನಿಂತುಹೋಗುತ್ತದೆ ಎಂದು ಯಾರಾದರೂ ಕರೆ ಮಾಡಿ ಒಟಿಪಿ ಕೇಳಿದರೆ, ಲಿಂಕ್ ಕಳಿಸಿದರೆ ಅಥವಾ ಫೋನಿಗೆ ಯಾವುದೋ ಕಡತವನ್ನು ಇಳಿಸಿಕೊಳ್ಳಿ ಎಂದರೆ ಅದು ವಂಚನೆ. ಟೋಕನ್ ನೋಂದಣಿ ನಡೆಯುವುದು ನಾವಾಗಿಯೇ ತೆರೆದ ಆಪ್‌ನೊಳಗೆ ಮಾತ್ರ. ಒಟಿಪಿ ಸಂದೇಶದಲ್ಲಿ ಇರುವ ವ್ಯಾಪಾರಿಯ ಹೆಸರು ಮತ್ತು ಮೊತ್ತವನ್ನು ಓದಿಯೇ ಅಂಕಿಗಳನ್ನು ಹಾಕಬೇಕು. ಬ್ಯಾಂಕಿನ ಜಾಲತಾಣಕ್ಕೆ ಹೋಗಬೇಕಾದಾಗ ವಿಳಾಸ `.bank.in` ಎಂದು ಮುಗಿಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಂಕುಗಳಿಗೆಂದೇ ಮೀಸಲಿಟ್ಟ ವಿಳಾಸ ಅದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಕಾರ್ಡನ್ನು ತಡೆಹಿಡಿಸಬೇಕು.

ಇಷ್ಟಾದರೂ ಸರಿಹೋಗದಿದ್ದರೆ

ಪೂರ್ತಿ ಸಂಖ್ಯೆ ಹಾಕಿದಾಗ ಹಣ ಹೋಗುತ್ತದೆ, ಚೌಕಕ್ಕೆ ಗುರುತು ಹಾಕಿದರೂ ಕಾರ್ಡ್ ಮಾತ್ರ ಉಳಿಯುವುದಿಲ್ಲ ಎಂಬ ಸ್ಥಿತಿ ಉಳಿದರೆ, ಬ್ಯಾಂಕಿನ ಆಪ್ ಅಥವಾ ಜಾಲತಾಣದಲ್ಲಿ ಯಾವ ಯಾವ ವ್ಯಾಪಾರಿಗಳ ಬಳಿ ನಮ್ಮ ಟೋಕನ್ ಇದೆ ಎಂಬ ಪಟ್ಟಿಯನ್ನು ನೋಡಬೇಕು. ಇಂಥ ಪಟ್ಟಿಯನ್ನು ತೋರಿಸುವುದೂ ಅದರಿಂದ ಹೆಸರು ತೆಗೆಯಲು ಬಿಡುವುದೂ ಬ್ಯಾಂಕಿನ ಕರ್ತವ್ಯ. ಅಲ್ಲಿ ಆ ವ್ಯಾಪಾರಿಯ ಹಳೆಯ ನಮೂದು ಉಳಿದಿದ್ದರೆ ತೆಗೆದು, ಮತ್ತೊಮ್ಮೆ ಆರನೆಯ ಹೆಜ್ಜೆಯನ್ನು ಮಾಡಿ ನೋಡಬಹುದು.

ಟೋಕನ್ ಆದ ಕಾರ್ಡ್‌ನ ಬಗೆಗಿನ ದೂರನ್ನು ಕಾರ್ಡ್ ಕೊಟ್ಟ ಬ್ಯಾಂಕಿಗೇ ಕೊಡಬೇಕು. ಶಾಪಿಂಗ್ ಆಪ್‌ನ ಸಹಾಯವಾಣಿ ಹೆಚ್ಚೆಂದರೆ ತನ್ನ ಕಡೆಯ ದಾಖಲೆಯನ್ನು ಹೇಳಬಲ್ಲದು. ದೂರಿನಲ್ಲಿ ವ್ಯವಹಾರದ ದಿನ ಮತ್ತು ಹೊತ್ತು, ಮೊತ್ತ, ವ್ಯಾಪಾರಿಯ ಹೆಸರು, ಕಾರ್ಡ್‌ನ ಕೊನೆಯ ನಾಲ್ಕು ಅಂಕಿ, ಪರದೆಯಲ್ಲಿದ್ದ ವ್ಯವಹಾರ ಸಂಖ್ಯೆ ಇವನ್ನು ಬರೆದು, ಒಟಿಪಿಗೆ ಮೊದಲು ನಿಂತಿತೇ ನಂತರ ನಿಂತಿತೇ ಎಂಬುದನ್ನೂ ಸೇರಿಸಬೇಕು. ಪೂರ್ತಿ ಕಾರ್ಡ್ ಸಂಖ್ಯೆಯನ್ನಾಗಲಿ ಸಿವಿವಿಯನ್ನಾಗಲಿ ಬರೆಯಬಾರದು. ದೂರು ಸಂಖ್ಯೆ ಪಡೆದು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ `cms.rbi.org.in` ತಾಣದಲ್ಲಿ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಕೊಟ್ಟ ಮೊದಲ ದೂರಿನ ಪ್ರತಿಯನ್ನು ಅದರ ಜೊತೆಗೆ ಲಗತ್ತಿಸಬೇಕಾಗುತ್ತದೆ.